ಭಾನುವಾರದ ಬೆಲೆ, ಬುಧವಾರದ ಬೆಲೆ

ಬಂಟ್ವಾಳದ ಬಿ.ಸಿ.ರೋಡಿನಲ್ಲಾಗಲಿ, ಬೆಳ್ತಂಗಡಿ ತಾಲೂಕಿನ ಉಜಿರೆ, ಗುರುವಾಯನಕೆರೆಗಳಲ್ಲಾಗಲಿ, ಮೂಡುಬಿದಿರೆಯ ಪೇಟೆಯಲ್ಲಾಗಲಿ, ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಬೆಂಚಿನ ಮೇಲೆ ಸ್ಥಳ ದೊರೆಯದೆ ಹೊರಗೆ ನಿಂತಿರುವ ಗಿರಾಕಿಗಳನ್ನೂ, ಅದೇ ಸೆಲೂನಿನಲ್ಲಿ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಬರಿದಾದ ಕುರ್ಚಿಗಳ ಪಕ್ಕದಲ್ಲಿ ಪತ್ರಿಕೆಯನ್ನು ಎರಡನೆಯ ಬಾರಿ ಓದುತ್ತಿರುವ ಕೆಲಸಗಾರನನ್ನೂ ಕಂಡವರಿಗೆ, ಈ ಎರಡು ಹೊತ್ತುಗಳಿಗೂ ಒಂದೇ ಬೆಲೆ ಏಕಿರಬೇಕೆಂಬ ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ. ನಗರಗಳ ಚಿತ್ರಮಂದಿರಗಳೂ ಮೊಬೈಲಿನಲ್ಲಿ ಕರೆಯುವ ಟ್ಯಾಕ್ಸಿಗಳೂ ದಟ್ಟಣೆಯ ಹೊತ್ತಿಗೊಂದು ದರ, ಬಿಡುವಿನ ಹೊತ್ತಿಗೊಂದು ದರವೆಂಬ ಪದ್ಧತಿಯನ್ನು ಜನರಿಗೆ ಈಗಾಗಲೇ ರೂಢಿ ಮಾಡಿಸಿವೆ. ಆದರೆ ಟ್ಯಾಕ್ಸಿಯ ಚಾಲಕನಿಗೂ ಪ್ರಯಾಣಿಕನಿಗೂ ಮತ್ತೊಮ್ಮೆ ಭೇಟಿಯಾಗುವ ಸಂಭವವೇ ವಿರಳ. ನಮ್ಮ ಪೇಟೆಗಳ ಸೆಲೂನಿಗಾದರೋ ತಂದೆಯ ಕೈಹಿಡಿದು ಬಂದ ಹುಡುಗನೇ ಮುಂದೆ ತನ್ನ ಮಗನ ಕೈಹಿಡಿದು ಬರುತ್ತಾನೆ. ಆದುದರಿಂದ ಇಲ್ಲಿ ಬೆಲೆಯನ್ನು ಹೊತ್ತಿಗೆ ತಕ್ಕಂತೆ ಬದಲಿಸಬಯಸುವವನು ಲೆಕ್ಕವನ್ನಷ್ಟೇ ಅಲ್ಲದೆ ಆ ಸಂಬಂಧವನ್ನೂ ಗಮನದಲ್ಲಿಟ್ಟುಕೊಂಡು ಹೊರಡಬೇಕಾಗುತ್ತದೆ.

ಹಳೆಯ ಕರ್ನಾಟಕದ ಹಳ್ಳಿಗಳ ಆಯಗಾರ ಪದ್ಧತಿಯಲ್ಲಿ ಕ್ಷೌರಿಕನಿಗೆ ಸುಗ್ಗಿಯಲ್ಲಿ ಧಾನ್ಯದ ರೂಪದಲ್ಲಿ ಪ್ರತಿಫಲ ಸಲ್ಲುತ್ತಿತ್ತೇ ಹೊರತು, ತಲೆಯೊಂದಕ್ಕೆ ಇಷ್ಟು, ಹೊತ್ತೊಂದಕ್ಕೆ ಇಷ್ಟು ಎಂಬ ಎಣಿಕೆಯೇ ಇರಲಿಲ್ಲ. ತರುವಾಯ ಸೆಲೂನುಗಳು ಬಂದು, ಸವಿತಾ ಸಮಾಜದಂಥ ವೃತ್ತಿಸಂಘಗಳು ದರಪಟ್ಟಿಯನ್ನು ಅಚ್ಚು ಹಾಕಿಸಿ ಗೋಡೆಗೆ ತೂಗಿಸಿದಾಗಲೂ, ಒಂದು ಕೆಲಸಕ್ಕೆ ಒಂದೇ ಬೆಲೆಯೆಂಬ ನಿಯಮ ಉಳಿದುಕೊಂಡಿತು. ಖಾಯಂ ಗಿರಾಕಿಯ ಮನಸ್ಸಿನಲ್ಲಿ ಆ ಬೆಲೆ ಕಾಲಕ್ರಮೇಣ ತನ್ನ ಹಕ್ಕಿನಂತೆಯೇ ನೆಲೆಗೊಂಡಿರುತ್ತದೆ. 1986ರಲ್ಲಿ ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಎಂಬ ಮೂವರು ವಿದ್ವಾಂಸರು ಪ್ರಕಟಿಸಿದ ಪ್ರಸಿದ್ಧ ಅಧ್ಯಯನವೊಂದರಲ್ಲಿ, ಹಿಮ ಎತ್ತುವ ಸಲಿಕೆಯನ್ನು 15 ಡಾಲರಿಗೆ ಮಾರುತ್ತಿದ್ದ ಅಂಗಡಿಯವನು ಹಿಮ ಬಿದ್ದ ಮರುದಿನ ಬೆಳಿಗ್ಗೆ 20 ಡಾಲರು ಕೇಳಿದರೆ ಅದು ನ್ಯಾಯವೇ ಎಂದು ಜನರನ್ನು ವಿಚಾರಿಸಲಾಗಿ, ನೂರರಲ್ಲಿ 82 ಮಂದಿ ಅನ್ಯಾಯವೆಂದರು. ಆ ಅಂಗಡಿಯವನಿಗೆ ಹೊಸ ಖರ್ಚೇನೂ ಬಂದಿರಲಿಲ್ಲ. ಪರರ ಅಗತ್ಯ ಹೆಚ್ಚಿತೆಂಬುದೊಂದೇ ಕಾರಣವಾಗಿತ್ತು. ಸೆಲೂನಿನವನು ಭಾನುವಾರದ ದರವನ್ನು ಏರಿಸಿದಾಗಲೂ ಗಿರಾಕಿಯು ಮೊದಲು ಶಂಕಿಸುವುದು ಇದನ್ನೇ. ಆ ಶಂಕೆಗೆ ಒಂದೇ ಸಮಾಧಾನವುಂಟೆಂದು ನನ್ನ ಅಭಿಪ್ರಾಯ: ಹೆಚ್ಚಿನ ಬೆಲೆಯ ಹೊತ್ತು ಯಾವುದೇ ಇರಲಿ, ಪ್ರತಿಯೊಬ್ಬ ಖಾಯಂ ಗಿರಾಕಿಗೂ ಹಳೆಯ ಬೆಲೆಯ ಹೊತ್ತೊಂದು ನಿಜವಾಗಿಯೂ ಎಟಕುವಂತಿರಬೇಕು.

ಮೊದಲು ದಟ್ಟಣೆಯ ಹೊತ್ತು ಯಾವುದೆಂಬುದನ್ನು ನಿರ್ಣಯಿಸಬೇಕು. ಇದನ್ನು ಬೆಂಗಳೂರಿನ ಪದ್ಧತಿಯಂತೆ ಶನಿವಾರ, ಭಾನುವಾರ ಮತ್ತು ಪ್ರತಿ ಸಂಜೆ ಎಂದು ಕಣ್ಣುಮುಚ್ಚಿ ಬರೆದುಕೊಳ್ಳುವುದು ತಪ್ಪು. ನಮ್ಮಲ್ಲಿ ಮಂಗಳವಾರ ಸೆಲೂನುಗಳಿಗೆ ರಜೆಯೆಂಬುದು ರೂಢಿ. ತತ್ಫಲವಾಗಿ ಸೋಮವಾರ ಸಂಜೆ ಅನಿರೀಕ್ಷಿತವಾದ ನೂಕುನುಗ್ಗಲು. ಶನಿವಾರ ಕೂದಲು ತೆಗೆಸಬಾರದೆಂಬ ಮನೆಗಳು ಇನ್ನೂ ಉಂಟು. ಅಮಾವಾಸ್ಯೆ, ಸಂಕ್ರಮಣ, ತಮ್ಮ ಜನ್ಮನಕ್ಷತ್ರದ ದಿನಗಳನ್ನು ವರ್ಜಿಸುವವರೂ ಉಂಟು. ಪಾಣೆಮಂಗಳೂರು, ಫರಂಗಿಪೇಟೆಗಳ ಕಡೆ ಜುಮಾ ನಮಾಜಿಗೆ ಮೊದಲು ಶುಕ್ರವಾರ ಬೆಳಿಗ್ಗೆಯೇ ಬರುವ ಮುಸ್ಲಿಂ ಗಿರಾಕಿಗಳಿಂದಾಗಿ, ಪಂಚಾಂಗ ನೋಡಿ ಯಾರೂ ಊಹಿಸದ ಹೊತ್ತಿನಲ್ಲಿ ಅಂಗಡಿ ತುಂಬಿರುತ್ತದೆ. ಮಂಗಳೂರಿಗೆ ದಿನವೂ ಹೋಗಿಬರುವ ನೌಕರರು ಬಸ್ಸಿಳಿಯುವ ಹೊತ್ತಿಗೆ ಬಿ.ಸಿ.ರೋಡಿನಲ್ಲಿ ಸಂಜೆ ಆರೂವರೆ ಕಳೆದಿರುತ್ತದೆ. ಹೀಗೆ ಒಂದೊಂದು ಪೇಟೆಯ ದಟ್ಟಣೆಗೂ ಅದರದೇ ಆದ ಮುಖವುಂಟು.

ಆ ಮುಖವನ್ನು ಗುರುತಿಸಲು ಇನ್ನೂರು ಪುಟದ ನೋಟ್ ಪುಸ್ತಕವೊಂದು ಸಾಕು. ನಾಲ್ಕು ವಾರಗಳ ಕಾಲ, ಅರ್ಧ ಗಂಟೆಗೊಂದು ಸಾಲಿನಂತೆ, ಎಷ್ಟು ಮಂದಿ ಕುರ್ಚಿಯಲ್ಲಿ ಕುಳಿತರು, ಎಷ್ಟು ಮಂದಿ ಬೆಂಚಿನಲ್ಲಿ ಕಾದರು, ಎಷ್ಟು ಮಂದಿ ಬಾಗಿಲಿನಿಂದಲೇ ಒಳಗಿಣುಕಿ ಹಿಂತಿರುಗಿದರು ಎಂಬ ಮೂರು ಅಂಕಣಗಳಲ್ಲಿ ಗೆರೆ ಎಳೆಯುತ್ತ ಹೋಗಬೇಕು. ಮೊದಲೆರಡನ್ನು ಎಲ್ಲರೂ ಅಂದಾಜಿನಿಂದ ಬಲ್ಲರು. ಮೂರನೆಯದನ್ನು ಬಲ್ಲವರು ಕಡಿಮೆ, ಏಕೆಂದರೆ ಕತ್ತರಿ ಹಿಡಿದವನ ದೃಷ್ಟಿ ಕನ್ನಡಿಯ ಕಡೆಗಿರುತ್ತದೆಯೇ ಹೊರತು ಬಾಗಿಲಿನ ಕಡೆಗಲ್ಲ. ಆದರೆ ಇಡೀ ವಿಚಾರವು ನಿಂತಿರುವುದು ಆ ಮೂರನೆಯ ಅಂಕಣದ ಮೇಲೆಯೇ. ಹಿಂತಿರುಗುವವರೇ ಇಲ್ಲದ ಹೊತ್ತಿಗೆ, ಬೆಂಚು ತುಂಬಿದ್ದರೂ, ಹೆಚ್ಚಿನ ಬೆಲೆ ಇಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ; ಅಲ್ಲಿ ಕಾಯುವವರು ಕಾಯಲೊಪ್ಪಿಯೇ ಕಾಯುತ್ತಿದ್ದಾರೆ. ಈ ನಾಲ್ಕು ವಾರಗಳಲ್ಲಿ ಚೌತಿ, ದೀಪಾವಳಿ, ರಂಜಾನಿನ ಕೊನೆಯ ದಿನಗಳು, ಮೇ ತಿಂಗಳ ಮದುವೆಗಳು ಸೇರದಂತೆ ನೋಡಿಕೊಳ್ಳಬೇಕು.

ಪುಸ್ತಕ ತುಂಬಿದ ಮೇಲೂ ಬೆಲೆಗೆ ಕೈಹಚ್ಚುವ ಮುನ್ನ ಮಾಡಬೇಕಾದದ್ದೊಂದಿದೆ. ಭಾನುವಾರದ ಇಕ್ಕಟ್ಟಿಗೆ ಜನರ ಸಂಖ್ಯೆಗಿಂತ ಅವರು ಮಾಡಿಸಿಕೊಳ್ಳುವ ಕೆಲಸವೇ ಎಷ್ಟೋ ವೇಳೆ ಕಾರಣವಾಗಿರುತ್ತದೆ. ಕಟಿಂಗಿಗೆ ಅರ್ಧ ಗಂಟೆ ಸಾಕಾದರೆ, ಡೈ ಹಚ್ಚಿಸಿಕೊಂಡವನು ಅದು ಹಿಡಿಯುವ ತನಕ ಮತ್ತೆ ಅರ್ಧ ಗಂಟೆ ಅದೇ ಕುರ್ಚಿಯಲ್ಲಿ ಸುಮ್ಮನೆ ಕುಳಿತಿರುತ್ತಾನೆ. ಆ ಅರ್ಧ ಗಂಟೆಯೆಂದರೆ ಹೊರಗೆ ನಿಂತ ಇನ್ನೊಬ್ಬನ ಕಟಿಂಗು. ಡೈ ಹಚ್ಚಿದವರನ್ನು ಕಾಯಲು ಬೇರೆ ಸ್ಟೂಲಿನ ಮೇಲೆ ಕೂರಿಸುವುದು, ಫೇಷಿಯಲ್ಲು ಮತ್ತು ದೀರ್ಘವಾದ ತಲೆ ಮಾಲೀಸನ್ನು ಭಾನುವಾರ ಮಧ್ಯಾಹ್ನದವರೆಗೆ ನಿಲ್ಲಿಸಿಬಿಡುವುದು, ಇವೆರಡರಿಂದಲೇ ಕೆಲವು ಅಂಗಡಿಗಳಲ್ಲಿ ಹಿಂತಿರುಗುವವರ ಅಂಕಣ ಬಹುಮಟ್ಟಿಗೆ ಬರಿದಾದೀತು. ಹಾಗೆ ಬರಿದಾದಲ್ಲಿ ಈ ಲೇಖನದ ಉಳಿದ ಭಾಗವನ್ನು ಓದುವ ಶ್ರಮ ಅಂಥವರಿಗೆ ಬೇಡ.

ಬರಿದಾಗದವರ ಸಲುವಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬಿ.ಸಿ.ರೋಡಿನ ಮೂರು ಕುರ್ಚಿಗಳ ಒಂದು ಸೆಲೂನು; ಮಂಗಳವಾರ ರಜೆ; ಕಟಿಂಗಿಗೆ 150 ರೂಪಾಯಿ. ಪುಸ್ತಕದ ಪ್ರಕಾರ ಗಿರಾಕಿಗಳು ಹಿಂತಿರುಗಿದ್ದು ಮೂರೇ ಹೊತ್ತುಗಳಲ್ಲಿ: ಭಾನುವಾರ ಬೆಳಿಗ್ಗೆ 8ರಿಂದ 1ರವರೆಗೆ, ಸೋಮವಾರ ಮತ್ತು ಶನಿವಾರ ಸಂಜೆ ಐದೂವರೆಯಿಂದ ಎಂಟೂವರೆಯವರೆಗೆ. ಒಟ್ಟು ಹನ್ನೊಂದು ಗಂಟೆ. ಮೂರು ಕುರ್ಚಿಗಳಲ್ಲಿ ಅರ್ಧ ಗಂಟೆಗೊಬ್ಬರಂತೆ 66 ಮಂದಿ. ಹೀಗೆ ಕುಳಿತವರಲ್ಲದೆ ವಾರಕ್ಕೆ ಸುಮಾರು 14 ಮಂದಿ ಬಾಗಿಲಿನಿಂದಲೇ ಹೊರಟುಹೋಗುತ್ತಿದ್ದಾರೆ. ವಾರದ ಉಳಿದೆಲ್ಲ ಹೊತ್ತಿನಲ್ಲಿ ಬರುವವರು 114. ಕಟಿಂಗಿನಿಂದಲೇ ವಾರದ ಉತ್ಪನ್ನ 27,000 ರೂಪಾಯಿ.

ಆ ಮೂರು ಹೊತ್ತಿಗೆ 170 ರೂಪಾಯಿಯೆಂದೂ ಉಳಿದ ಹೊತ್ತಿಗೆ ಮೊದಲಿನ 150 ರೂಪಾಯಿಯೇ ಎಂದೂ ಗೊತ್ತುಮಾಡಿದರೆ, ಒಬ್ಬನೂ ತನ್ನ ಹೊತ್ತನ್ನು ಬದಲಿಸದಿದ್ದ ಪಕ್ಷದಲ್ಲಿ ವಾರದ ಉತ್ಪನ್ನ 28,320 ರೂಪಾಯಿ. ಹೆಚ್ಚಿದ್ದು 1,320 ಮಾತ್ರ. ಆದರೆ ನಿವೃತ್ತರು, ಸ್ವಂತ ಅಂಗಡಿಯುಳ್ಳವರು, ಪಾಳಿಯ ಕೆಲಸದವರು ಮುಂತಾದ ಹನ್ನೆರಡು ಮಂದಿ ಆ ಇಪ್ಪತ್ತು ರೂಪಾಯಿಯ ನೆವದಿಂದ ಬುಧವಾರಕ್ಕೋ ಗುರುವಾರಕ್ಕೋ ಸರಿದು, ಅವರು ತೆರವು ಮಾಡಿದ ಸ್ಥಳದಲ್ಲಿ, ಹಿಂದೆ ಬಾಗಿಲಿನಿಂದ ಮರಳುತ್ತಿದ್ದ ಹತ್ತು ಮಂದಿ ಕುಳಿತರೆನ್ನೋಣ. ಆಗ ದಟ್ಟಣೆಯಲ್ಲಿ 64 ಮಂದಿ, ಉಳಿದ ಹೊತ್ತಿನಲ್ಲಿ 126 ಮಂದಿ. ವಾರದ ಉತ್ಪನ್ನ 29,780 ರೂಪಾಯಿ. ಏರಿಸಿದ ಬೆಲೆಯೊಂದರಿಂದಲೇ ದೊರೆಯುವುದಕ್ಕಿಂತ ಜನರು ಸರಿದುದರಿಂದ ದೊರೆತದ್ದೇ ಅಧಿಕ. ಈ ಪದ್ಧತಿಯ ತಿರುಳು ಇಲ್ಲಿದೆ: ಸರಿಯಬಲ್ಲವರನ್ನು ಸರಿಸುವುದು ಅದರ ಕೆಲಸ, ಸರಿಯಲಾರದವರಿಂದ ಹಣ ಕೀಳುವುದಲ್ಲ.

ಎಲ್ಲ ಹೊತ್ತಿಗೂ ಸಮನಾಗಿ 170 ಮಾಡಿದರೆ ಕಾಗದದ ಮೇಲೆ 30,600 ಬರುತ್ತದಲ್ಲಾ ಎಂದು ಯಾರಾದರೂ ಕೇಳಬಹುದು. ಬರುತ್ತದೆ, ಆದರೆ ವಾರಕ್ಕೆ ಐದು ಮಂದಿ ಕಡಿಮೆಯಾದರೂ ಅದು 29,750ಕ್ಕೆ ಇಳಿದು ಆ ಮೇಲುಗೈ ಮಾಯವಾಗುತ್ತದೆ. ಅಲ್ಲದೆ ಭಾನುವಾರ ಹಿಂತಿರುಗುವವರು ಹಿಂತಿರುಗುತ್ತಲೇ ಇರುತ್ತಾರೆ, ಗುರುವಾರದ ಕುರ್ಚಿ ಬರಿದಾಗಿಯೇ ಇರುತ್ತದೆ.

ಈ ಉದಾಹರಣೆಯಲ್ಲಿ ಬುಧವಾರ, ಗುರುವಾರ, ಶುಕ್ರವಾರಗಳ ಸಂಜೆಯನ್ನು ನಾನು ಬೇಕೆಂದೇ ಹಳೆಯ ಬೆಲೆಯಲ್ಲಿ ಬಿಟ್ಟಿದ್ದೇನೆ. ಮಂಗಳೂರಿನ ಕಚೇರಿಯಿಂದ ಸಂಜೆಯ ಬಸ್ಸಿಗೆ ಬರುವ ನೌಕರನಿಗೆ ಗುರುವಾರ ಮಧ್ಯಾಹ್ನದ 150 ರೂಪಾಯಿಯ ಬೆಲೆ ಇದ್ದೂ ಇಲ್ಲದಂತೆ; ಆತನಿಗೆ ಎಟಕುವುದು ಸಂಜೆ ಮತ್ತು ಭಾನುವಾರ ಮಾತ್ರ. ಎಲ್ಲ ಸಂಜೆಗಳನ್ನೂ ಭಾನುವಾರವನ್ನೂ ಒಟ್ಟಿಗೆ ಏರಿಸಿದ ಅಂಗಡಿಯವನು, ತಾನು ಬಿಡುವಿನ ಹೊತ್ತಿಗೆ ರಿಯಾಯಿತಿ ಇಟ್ಟಿದ್ದೇನೆಂದು ಎಷ್ಟೇ ಹೇಳಿಕೊಂಡರೂ, ದುಡಿಯುವ ಗಿರಾಕಿಯ ಪಾಲಿಗೆ ಅದು ಏರಿಕೆಯೇ ಸರಿ. ಅಂಗಡಿಯವನು ತನ್ನ ಖಾಯಂ ಗಿರಾಕಿಗಳಲ್ಲಿ ಮೂವತ್ತು ನಲವತ್ತು ಮಂದಿಯ ಹೆಸರುಗಳನ್ನು ಬರೆದುಕೊಂಡು, ಒಬ್ಬೊಬ್ಬರ ಎದುರಿಗೂ ಅವರು ನಿಜವಾಗಿ ಬರಬಹುದಾದ ಹಳೆಯ ಬೆಲೆಯ ಹೊತ್ತು ಯಾವುದೆಂದು ಗುರುತಿಸಿ ನೋಡಲಿ. ಮೂರು ನಾಲ್ಕು ಹೆಸರುಗಳ ಎದುರು ಏನೂ ಬರೆಯಲಾಗದಿದ್ದರೆ ದರಪಟ್ಟಿಯಲ್ಲಿ ದೋಷವಿದೆಯೆಂದೇ ಅರ್ಥ. ಬೆಳಿಗ್ಗೆ ಏಳಕ್ಕೇ ಬಾಗಿಲು ತೆರೆದು ಎಂಟೂವರೆಯವರೆಗೆ ವಾರದ ದಿನಗಳಲ್ಲಿ ಹಳೆಯ ಬೆಲೆಗೆ ಕೆಲಸ ಮಾಡುವುದು ಅಂಥವರಿಗೆ ಒಂದು ಪರಿಹಾರವಾಗಬಹುದು.

ಮೂಡುಬಿದಿರೆ ಮತ್ತು ಉಜಿರೆಗಳಲ್ಲಿ ಈ ಪರೀಕ್ಷೆ ಇನ್ನೂ ಕಠಿಣವಾದುದು. ಆಳ್ವಾಸ್ ಸಂಸ್ಥೆಗಳಿಂದ ಮೂಡುಬಿದಿರೆಯೂ, ಎಸ್.ಡಿ.ಎಂ. ಸಂಸ್ಥೆಗಳಿಂದ ಉಜಿರೆಯೂ ವಿದ್ಯಾರ್ಥಿಗಳ ಊರುಗಳಾಗಿಬಿಟ್ಟಿವೆ. ಹಾಸ್ಟೆಲಿನ ಹುಡುಗರಿಗೆ ಸಾಮಾನ್ಯವಾಗಿ ಹೊರಬರಲು ಅವಕಾಶ ದೊರೆಯುವುದು ಭಾನುವಾರವೇ. ಕೈಯಲ್ಲಿ ಎಲ್ಲರಿಗಿಂತ ಕಡಿಮೆ ಹಣವುಳ್ಳ, ಹೊತ್ತನ್ನು ಬದಲಿಸುವ ಸ್ವಾತಂತ್ರ್ಯವೇ ಇಲ್ಲದ ಗಿರಾಕಿಗಳಿಂದ ಭಾನುವಾರ ಹೆಚ್ಚು ವಸೂಲು ಮಾಡಿದರೆ ಒಬ್ಬನೂ ಸರಿಯುವುದಿಲ್ಲ. ಗುಂಪಿನಲ್ಲಿ ಬಂದವರು ಗುಂಪಿನಲ್ಲಿಯೇ ಇನ್ನೊಂದು ಅಂಗಡಿಗೆ ಹೋಗುತ್ತಾರೆ. ಇಂಥ ಊರುಗಳಲ್ಲಿ ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಹಳೆಯ ಬೆಲೆಯನ್ನೇ ಉಳಿಸಿ, ವಿದ್ಯಾರ್ಥಿಗಳನ್ನು ಆ ಹೊತ್ತಿಗೆ ಆಹ್ವಾನಿಸುವುದು ವಿವೇಕ. ಹಾಗೆ ಮಾಡಿದಾಗ ಬೆಳಗಿನ ಹೊತ್ತು ಸಂಸಾರಸ್ಥರಿಗೆ ತೆರವಾಗುತ್ತದೆ.

ಇನ್ನು ಈ ಬದಲಾವಣೆಯನ್ನು ಯಾವಾಗ ತರಬೇಕು, ಹೇಗೆ ಹೇಳಬೇಕು ಎಂಬ ವಿಚಾರ. ಏರಿಕೆಗಿಂತ ರಿಯಾಯಿತಿಯೆಂಬ ರೂಪ ಜನರಿಗೆ ಸಹ್ಯವೆಂಬುದು ನಿಜ. ಅದನ್ನೇ ನೆಚ್ಚಿ ಕೆಲವರು ನಿನ್ನೆಯವರೆಗೆ 150 ಇದ್ದುದನ್ನು ಬೋರ್ಡಿನಲ್ಲಿ 170 ಎಂದು ಬರೆದು, ವಾರದ ದಿನಗಳಲ್ಲಿ 20 ರೂಪಾಯಿ ರಿಯಾಯಿತಿಯೆಂದು ಕೆಳಗೆ ಕಾಣಿಸುತ್ತಾರೆ. ಹೊಸಬರು ಇದಕ್ಕೆ ಮರುಳಾಗಬಹುದು, ಹತ್ತು ವರ್ಷಗಳಿಂದ ಬರುವವನು ಬೋರ್ಡಿನ ಕಡೆಗೊಮ್ಮೆ, ಅಂಗಡಿಯವನ ಕಡೆಗೊಮ್ಮೆ ನೋಡಿ, "ಎಂಥದು ಮಾರಾಯ್ರೆ, ನಮಗೇ ಹೀಗಾ?" ಎನ್ನುತ್ತಾನೆ. ಹಾಗೆನ್ನುವವನಿಗೆ ಕೊಡಬಹುದಾದ ಪ್ರಾಮಾಣಿಕವಾದ ಉತ್ತರವೊಂದು ಇರಬೇಕಾದರೆ, ಬೇರೆ ಅಂಗಡಿಗಳೆಲ್ಲ ದರವನ್ನು ಪರಿಷ್ಕರಿಸುವ ಕಾಲದಲ್ಲಿಯೇ ಇದನ್ನು ಮಾಡುವುದು ಲೇಸು. ಬಾಡಿಗೆ, ವಿದ್ಯುತ್ತು, ಬ್ಲೇಡು, ಕ್ರೀಮುಗಳ ಬೆಲೆ ಏರಿದ್ದರಿಂದ ಊರಿನ ದರವೇ 170ಕ್ಕೆ ಏರುವಾಗ, "ಉಳಿದ ದಿನ ನಿಮಗೆ ಹಳೆಯದೇ, ಏರಿಸಿದ್ದು ಆ ಮೂರು ಹೊತ್ತು ಮಾತ್ರ" ಎಂದರೆ, ಆ ಮಾತಿನಲ್ಲಿ ಕಪಟವಿರುವುದಿಲ್ಲ. ಅಂಗಡಿಯವನ ಖರ್ಚು ಹೆಚ್ಚಿದಾಗ ಬೆಲೆ ಏರಿಸುವುದನ್ನು ಬಹುಪಾಲು ಜನ ಅನ್ಯಾಯವೆಂದು ಎಣಿಸುವುದಿಲ್ಲವೆಂದು ಮೇಲೆ ಹೇಳಿದ ಅಧ್ಯಯನವೂ ಕಂಡುಕೊಂಡಿದೆ.

ಒಬ್ಬೊಬ್ಬ ಗಿರಾಕಿಯೂ ಹೊಸ ಬೆಲೆಯನ್ನು ತೆರುವ ಮೊದಲು ಒಮ್ಮೆಯಾದರೂ ಹಳೆಯ ಬೆಲೆಯನ್ನು ತೆತ್ತು, ಕುರ್ಚಿಯಲ್ಲಿ ಕುಳಿತಾಗಲೇ ಅದರ ಸುದ್ದಿಯನ್ನು ಕೇಳಿರಬೇಕು. ಜನ ಮೂರು ನಾಲ್ಕು ವಾರಕ್ಕೊಮ್ಮೆ ಬರುವುದರಿಂದ ಐದು ವಾರಗಳ ಮುನ್ಸೂಚನೆ ಅಗತ್ಯ. ಕನ್ನಡಿಯ ಪಕ್ಕದಲ್ಲಿ ಕಾಗದ ಅಂಟಿಸಿದರೆ ಸಾಲದು, ಬಾಯಿಮಾತಿನಲ್ಲಿ ಹೇಳಬೇಕು. ಅದನ್ನು ಹೇಳುವವನು ಯಜಮಾನನೇ ಆಗಿರಬೇಕು.

ಖಾಯಂ ಗಿರಾಕಿಗಳನ್ನು ಹೆಚ್ಚಿನ ಬೆಲೆಯಿಂದ ಪೂರ್ಣವಾಗಿ ಮುಕ್ತಗೊಳಿಸುವ ಆಸೆ ಅನೇಕರಿಗೆ ಬರುತ್ತದೆ. ಭಾನುವಾರದ ಬೆಂಚಿನಲ್ಲಿ ಕುಳಿತವರಲ್ಲಿ ಬಹುಪಾಲು ಖಾಯಂ ಗಿರಾಕಿಗಳೇ ಆಗಿರುವಾಗ ಅವರನ್ನು ಬಿಟ್ಟರೆ ಸರಿಯುವವರು ಯಾರು? ಉಳಿದ ಅಪರಿಚಿತನಾದರೂ ಯಾರದೋ ಅಳಿಯನೋ ಸೋದರಳಿಯನೋ ಆಗಿರುತ್ತಾನೆ. ಒಂದೇ ಹೊತ್ತಿನಲ್ಲಿ ಪಕ್ಕದ ಕುರ್ಚಿಯವನಿಗೆ 150, ತನಗೆ 170 ಎಂಬುದು ಸಂಜೆಯೊಳಗೆ ಮನೆಯ ಊಟದ ಮಾತಾಗುತ್ತದೆ. ಖಾಯಂ ಗಿರಾಕಿಗಳಿಗೆ ಕೊಡಬೇಕಾದದ್ದು ಬೆಲೆಯ ವಿನಾಯಿತಿಯಲ್ಲ, ಸರದಿಯ ಭರವಸೆ. ಶನಿವಾರ ರಾತ್ರಿಯೊಳಗೆ ಫೋನು ಮಾಡಿದ ಖಾಯಂ ಗಿರಾಕಿಗೆ ಭಾನುವಾರ ಎಂಟೂವರೆಯ ಕುರ್ಚಿಯನ್ನು ನಿಶ್ಚಯಿಸಿಟ್ಟು, ಹತ್ತು ನಿಮಿಷ ಕಾದು, ಆತ ಬಂದೊಡನೆ ಕೂರಿಸಿದರೆ, ಆತ ಇಪ್ಪತ್ತು ರೂಪಾಯಿಗೆ ಒಂದು ಗಂಟೆಯ ಕಾಯುವಿಕೆಯನ್ನು ಉಳಿಸಿಕೊಂಡಂತೆ. ಮೂರು ಕುರ್ಚಿಗಳಲ್ಲಿ ಒಂದನ್ನು ಮಾತ್ರ ಹೀಗೆ ಕಾದಿರಿಸಬೇಕು. ಮೂರನ್ನೂ ಕಾದಿರಿಸಿದಲ್ಲಿ ನೇರವಾಗಿ ಬಂದವರು ಬೆಂಚಿನಲ್ಲಿ ಕುಳಿತು, ತಮ್ಮ ನಂತರ ಬಂದವರು ಮೊದಲು ಏಳುವುದನ್ನು ನೋಡುತ್ತ ಕೆರಳುತ್ತಾರೆ.

ಇಷ್ಟು ಎಚ್ಚರಿಕೆ ಏಕೆಂಬುದಕ್ಕೆ ಒಂದು ಚಿಕ್ಕ ಲೆಕ್ಕ. ಮೂರು ವಾರಕ್ಕೊಮ್ಮೆ ಬರುವವನು ವರ್ಷಕ್ಕೆ ಹದಿನೇಳು ಬಾರಿ ಬರುತ್ತಾನೆ. 150ರಂತೆ 2,550 ರೂಪಾಯಿ. ಆತ ಪ್ರತಿ ಬಾರಿಯೂ ದಟ್ಟಣೆಯ ಹೊತ್ತಿಗೇ ಬಂದರೂ ಹೊಸ ಪದ್ಧತಿಯಿಂದ ವರ್ಷಕ್ಕೆ ಹೆಚ್ಚು ದೊರೆಯುವುದು 340 ರೂಪಾಯಿ. ಅಂದರೆ ಒಬ್ಬನು ಮುನಿಸಿಕೊಂಡು ಹೋದರೆ, ಆ ನಷ್ಟವನ್ನು ತುಂಬಲು ಏಳೆಂಟು ಮಂದಿಯ ವರ್ಷದ ಹೆಚ್ಚುವರಿ ಬೇಕು. ಭಾನುವಾರ ಅವನ ಕುರ್ಚಿ ಬೇರೊಬ್ಬನಿಂದ ತುಂಬೀತು, ದಿಟ. ಆದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿಯಲ್ಲಿ, ಮದುವೆ ಮುಂಜಿಗಳಿಲ್ಲದೆ, ಎಡೆಬಿಡದ ಮಳೆಯಲ್ಲಿ ಪೇಟೆಯೇ ಮುದುಡಿಕೊಂಡಿರುವಾಗ, ಕೊಡೆ ಹಿಡಿದು ಬರುವವನು ಖಾಯಂ ಗಿರಾಕಿಯೊಬ್ಬನೇ.

ಯಾವ ಗಂಟೆಯ ಬೆಲೆ ಅನ್ವಯಿಸುತ್ತದೆಂಬ ವಿಷಯದಲ್ಲಿ ಎಷ್ಟೋ ಜಗಳಗಳು ಹುಟ್ಟುತ್ತವೆ. ಸೋಮವಾರ ಐದು ಹತ್ತಕ್ಕೆ ಬಂದವನು ಒಳಗಿನ ವಿಳಂಬದಿಂದ ಐದು ಮುಕ್ಕಾಲಿಗೆ ಕುರ್ಚಿಯೇರಿದರೆ ಆತ ತೆರಬೇಕಾದದ್ದು 150 ಮಾತ್ರ. ಬಂದ ಹೊತ್ತಿನ ಬೆಲೆಯೇ ಹೊರತು ಕುಳಿತ ಹೊತ್ತಿನ ಬೆಲೆಯಲ್ಲ. ಟೋಕನಿನ ಚೀಟಿಯ ಮೇಲೆ ಬಂದ ಸಮಯವನ್ನು ಗೀಚಿಕೊಟ್ಟರೆ ವಾದಕ್ಕೆಡೆಯಿಲ್ಲ. ಎರಡು ಬೆಲೆಗಳೂ ಅವುಗಳ ಗಂಟೆಗಳೊಡನೆ ಬಾಗಿಲಿನ ಬಳಿಯ ಬೋರ್ಡಿನಲ್ಲಿ, ಒಳಗೆ ಬರುವ ಮೊದಲೇ ಕಾಣುವಂತೆ ಇರಬೇಕು. ಪರಸ್ಪರ ಒಪ್ಪಿದ ಬೆಲೆಯನ್ನು ಮೀರಿ ವಸೂಲು ಮಾಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರಿಗೆ ಆಸ್ಪದವೀಯುವ ಸಂಗತಿ; ಕೆಲಸ ಮುಗಿದು ಬಟ್ಟೆ ಕೊಡವಿದ ಮೇಲೆ ಕೇಳಿಬರುವ ಇಪ್ಪತ್ತು ರೂಪಾಯಿಗೆ ಯಾರ ಒಪ್ಪಿಗೆಯೂ ಇರುವುದಿಲ್ಲ. ತೆರಿಗೆಯ ಮಾತೂ ಇಲ್ಲಿಯೇ ಬರುತ್ತದೆ. ನಮ್ಮ ಉದಾಹರಣೆಯ ಅಂಗಡಿಗೆ ಕಟಿಂಗಿನಿಂದಲೇ ವರ್ಷಕ್ಕೆ ಸುಮಾರು ಹದಿನೈದೂವರೆ ಲಕ್ಷ ಬರುತ್ತದೆ. ಶೇವಿಂಗು, ಡೈ, ಫೇಷಿಯಲ್ಲುಗಳು ಸೇರಿ ವಹಿವಾಟು 20 ಲಕ್ಷವನ್ನು ದಾಟಿದರೆ ಜಿ.ಎಸ್.ಟಿ. ನೋಂದಣಿ ಕಡ್ಡಾಯ. ಸೆಲೂನು ಸೇವೆಯ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18ರ ಬದಲು ಶೇ. 5 ಆಗಿರುವುದರಿಂದ ಆ ಗಡಿ ಹಿಂದಿನಷ್ಟು ಭಯಂಕರವಲ್ಲ, ಆದರೂ ವರ್ಷದ ನಡುವೆ ಅರಿಯದೆ ದಾಟುವುದು ಒಳ್ಳೆಯದಲ್ಲ.

ಕೆಲವು ಕೆಲಸಗಳಿಗೆ ಹೊತ್ತಿನ ಬೆಲೆಯನ್ನು ಸೋಕಿಸಲೇಬಾರದು. ಮನೆಯಲ್ಲಿ ಸಾವಾಗಿ, ಬೊಜ್ಜದ ದಿನದ ಮೊದಲು ತಲೆ ಬೋಳಿಸಿಕೊಳ್ಳಲು ಬಂದವನು ಭಾನುವಾರವನ್ನು ಆರಿಸಿಕೊಂಡು ಬಂದವನಲ್ಲ. ಪುಟ್ಟ ಮಕ್ಕಳ ಕಟಿಂಗೂ, ಕೈಹಿಡಿದು ಕರೆತರಬೇಕಾದ ವೃದ್ಧರ ಕಟಿಂಗೂ ಹಾಗೆಯೇ; ಮಗನಿಗೆ ರಜೆಯಿದ್ದಾಗಲೇ ಅವರಿಗೆ ಬರಲು ಸಾಧ್ಯ. ಚೌತಿಯ ಮುನ್ನಾದಿನ, ಪೆರ್ನಾಲಿನ ಹಿಂದಿನ ರಾತ್ರಿ, ಕ್ರಿಸ್ಮಸ್ಸಿನ ಮುನ್ನಾದಿನಗಳಲ್ಲಿ, ಬೋರ್ಡಿನ ಮೇಲೆ ಇಲ್ಲದ ಮೂರನೆಯದೊಂದು ಬೆಲೆಯನ್ನು ಸೃಷ್ಟಿಸುವುದೆಂದರೆ ಹಿಮ ಬಿದ್ದ ಮರುದಿನ ಸಲಿಕೆಯ ಬೆಲೆ ಏರಿಸಿದವನ ಹಾದಿಯನ್ನೇ ಹಿಡಿದಂತೆ. ಆ ದಿನ ಬೇಕಾದರೆ ಬಾಗಿಲನ್ನು ರಾತ್ರಿ ಹನ್ನೊಂದರವರೆಗೆ ತೆರೆದಿಡಲಿ.

ಮಹಿಳೆಯರ ಬ್ಯೂಟಿ ಪಾರ್ಲರುಗಳಲ್ಲಿ ಹೆಚ್ಚಿನ ಕೆಲಸ ಮೊದಲೇ ಗೊತ್ತುಮಾಡಿಕೊಂಡೇ ನಡೆಯುವುದರಿಂದ ಬೆಲೆಯನ್ನು ಫೋನಿನಲ್ಲಿಯೇ ತಿಳಿಸಿಬಿಡಬಹುದು. ಅಲ್ಲಿ ಐದು ಹತ್ತು ನಿಮಿಷಗಳ ಐಬ್ರೋ ಥ್ರೆಡ್ಡಿಂಗಿಗೆ ಎಲ್ಲ ಹೊತ್ತಿಗೂ ಒಂದೇ ಬೆಲೆಯಿರಲಿ. ಶನಿವಾರ ಸಂಜೆ ಒಂದು ಗಂಟೆಗೂ ಮೀರಿ ಕುರ್ಚಿಯನ್ನು ಹಿಡಿಯುವ ಫೇಷಿಯಲ್ಲು, ಹೇರ್ ಸ್ಪಾಗಳಿಗೆ ಮಾತ್ರ ಹೊತ್ತಿನ ಬೆಲೆ ಸಲ್ಲುತ್ತದೆ. ಮದುಮಗಳ ಅಲಂಕಾರದ ವ್ಯವಹಾರವೇ ಬೇರೆ. ಅದನ್ನು ಇದರೊಡನೆ ಬೆರೆಸಬಾರದು.

ಹೆಚ್ಚುವರಿ ಇಪ್ಪತ್ತು ರೂಪಾಯಿಯಲ್ಲಿ ಕತ್ತರಿ ಹಿಡಿದವನ ಪಾಲೆಷ್ಟು? ಅನೇಕ ಅಂಗಡಿಗಳಲ್ಲಿ ಕೆಲಸಗಾರರು ಉತ್ಪನ್ನದ ಮೇಲೆ ಕಮಿಷನ್ ಪಡೆಯುವವರು. ಭಾನುವಾರ ಊಟದ ಹೊತ್ತೂ ತಪ್ಪಿ ನಿಂತು ದುಡಿದವನಿಗೆ ಅದರಲ್ಲಿ ಪಾಲಿಲ್ಲದಿದ್ದರೆ, ಗಿರಾಕಿಯ ಆಕ್ಷೇಪಕ್ಕೆ ಆತನೇ ಮೊದಲು ತಲೆದೂಗುತ್ತಾನೆ. ಪಾಲು ಕೊಟ್ಟಾಗ ಬೇರೊಂದು ತೊಡಕುಂಟು: "ಗುರುವಾರ ಬೇಡ, ಭಾನುವಾರವೇ ಬನ್ನಿ ಅಣ್ಣ" ಎಂದು ಆತನು ಮೆಲ್ಲನೆ ಗಿರಾಕಿಯನ್ನು ಹಿಂದಕ್ಕೆಳೆಯತೊಡಗಬಹುದು. ಬಿಡುವಿನ ಹೊತ್ತಿನ ಕೆಲಸಕ್ಕೆ ಕಮಿಷನ್ನಿನ ಪ್ರಮಾಣವನ್ನು ತುಸು ಹೆಚ್ಚಿಸಿ, ಎರಡು ಹೊತ್ತಿನಲ್ಲಿಯೂ ಒಂದು ತಲೆಗೆ ಆತನ ಕೈಸೇರುವ ಮೊತ್ತ ಸಮನಾಗುವಂತೆ ಮಾಡಿದರೆ ಆ ತೊಡಕು ಬಗೆಹರಿಯುತ್ತದೆ.

ಎಂಟು ವಾರಗಳಾದ ಮೇಲೆ ನೋಟ್ ಪುಸ್ತಕವನ್ನು ಮತ್ತೆ ನಾಲ್ಕು ವಾರ ತುಂಬಿಸಿ ಹಿಂದಿನದರೊಡನೆ ಹೋಲಿಸಬೇಕು. ದಟ್ಟಣೆಯ ಹೊತ್ತಿನಲ್ಲಿ ಹಿಂತಿರುಗುವವರು ಕಡಿಮೆಯಾಗಿ, ಬುಧವಾರ ಗುರುವಾರಗಳ ಸಂಖ್ಯೆ ಏರಿದ್ದರೆ ಜನ ಸರಿದಿದ್ದಾರೆ. ಭಾನುವಾರ ಇಳಿದು ಬುಧವಾರ ಏರದಿದ್ದರೆ ಅವರು ಸರಿದಿಲ್ಲ, ಹೊರಟುಹೋಗಿದ್ದಾರೆ. ಆಗ ವ್ಯತ್ಯಾಸವನ್ನು ಹತ್ತು ರೂಪಾಯಿಗೆ ಇಳಿಸುವುದಾಗಲಿ, ಸಂಜೆಗಳನ್ನು ಬಿಟ್ಟು ಭಾನುವಾರಕ್ಕೆ ಮಾತ್ರ ಉಳಿಸಿಕೊಳ್ಳುವುದಾಗಲಿ ಯುಕ್ತ. ಸಂಜೆ ಐದಕ್ಕೇ ಹೊಸದೊಂದು ನೂಕುನುಗ್ಗಲು ಕಾಣಿಸಿಕೊಂಡರೆ ಐದೂವರೆಯ ಗೆರೆಯಿಂದ ತಪ್ಪಿಸಿಕೊಳ್ಳಲು ಬಂದವರೆಂದು ತಿಳಿಯಬೇಕು. ಅದರಲ್ಲಿ ಕೇಡೇನೂ ಇಲ್ಲ, ಗೆರೆಯನ್ನು ಆರಕ್ಕೆ ಸರಿಸಿದರೆ ತಾನಾಗಿ ಹರಡಿಕೊಳ್ಳುತ್ತದೆ. ಎಲ್ಲಕ್ಕಿಂತ ಸೂಕ್ಷ್ಮವಾದ ಲಕ್ಷಣವೆಂದರೆ ಖಾಯಂ ಗಿರಾಕಿ ಬರುವ ಅಂತರ: ಮೂರು ವಾರಕ್ಕೊಮ್ಮೆ ಬರುತ್ತಿದ್ದವನು ಐದು ವಾರಕ್ಕೊಮ್ಮೆ ಬಂದನೆಂದರೆ, ನಡುವೆ ಬೇರೊಂದು ಅಂಗಡಿಯನ್ನು ಪರೀಕ್ಷಿಸಿದ್ದಾನೆಂದೇ ಊಹಿಸಬಹುದು. ಆಟಿ ತಿಂಗಳಿಡೀ ಹೆಚ್ಚಿನ ಬೆಲೆಯನ್ನು ಬೋರ್ಡಿನಿಂದ ತೆಗೆದುಬಿಟ್ಟು, ಚೌತಿಯೂ ಕಳೆದ ಮರುವಾರ, ದಿನಾಂಕವನ್ನು ಮೊದಲೇ ಬರೆದು ತಿಳಿಸಿ, ಮತ್ತೆ ಹಾಕತಕ್ಕದ್ದು.